ರೊಕ್ಕ ಮೊದಲೋ, ಸೀರಿ ಮೊದಲೋ?

ಮನ್ಯಾಗ ಕುಂತು ವಾಟ್ಸಾಪಿನ್ಯಾಗ ಸೀರಿ, ಖಣ, ಶೇಂಗಾ ಚಟ್ನಿ ಮಾರೂ ಹೆಣ್ಮಕ್ಕಳು ಈಗ ಓಣಿಗೊಬ್ಬರರೆ ಅದಾರ. ಫೋಟೋ ಚಂದ ತಗೀತಾರ, ಬಣ್ಣದ ಹೆಸರು ಚಂದ ಹೇಳ್ತಾರ. ಆದ್ರ ಫೋಟೋದ ಕೆಳಗ ರೊಕ್ಕದ ಬಗ್ಗೆ ಬರಿಯೂ ಎರಡು ಸಾಲು ಇರತಾವಲ್ಲ, ಅಲ್ಲಿಗೆ ಬಂದ ಕೂಡಲೇ ಕೊಳ್ಳೂ ಹೆಣ್ಮಗಳು ಫೋನ್ ಕೆಳಗ ಇಟ್ಟುಬಿಡ್ತಾಳ. "ರೇಟ್ ಎಷ್ಟ್ರಿ?" ಅಂತ ಕೇಳಿದಾಕಿ ಮತ್ತ ಮಾತಾಡೂದಿಲ್ಲ. ಸೀರಿ ಮನಸ್ಸಿಗೆ ಬಂದಿರತೈತಿ, ರೇಟೂ ಒಪ್ಪಿರತೈತಿ, ಆ ಎರಡು ಸಾಲು ಅಷ್ಟ ಒಪ್ಪಿರೂದಿಲ್ಲ. ಈ ಸಲ ಆ ಎರಡು ಸಾಲಿನ ಬಗ್ಗೇನ ಬರೀತೀನಿ.

ನಮ್ಮ ವೈನಿ ಗುಳೇದಗುಡ್ಡದಾಗ ಇರ್ತಾರ. ಹೋದ ವರ್ಷ ಸ್ತ್ರೀಶಕ್ತಿ ಸಂಘದಾಗ 30,000 ರೂಪಾಯಿ ಸಾಲ ತಗೊಂಡು, 22,000ಕ್ಕ ಇಪ್ಪತ್ತು ಇಳಕಲ್ ಸೀರಿ ತಂದ್ರು, ಉಳಿದ 8,000ಕ್ಕ ಊರಾಗಿನ ಖಣ ತಂದ್ರು. ಸೀರಿ ಹಂಗ ಮಾರೂದು, ಖಣದಾಗ ಸಣ್ಣ ಹುಡುಗ್ಯಾರಿಗೆ ಅಳತಿ ಪ್ರಕಾರ ಪರಕಾರ ಪೋಲ್ಕಾ ಹೊಲದು ಕೊಡೂದು. ಸಂಘಕ್ಕ ತಿಂಗಳಾ 2,800 ರೂಪಾಯಿ ಕಂತು. ಕಂತು ತಪ್ಪಿದ್ರ ಸಂಘದ ಮೀಟಿಂಗಿನ್ಯಾಗ ಇಪ್ಪತ್ತು ಮಂದಿ ಎದುರು ತಲಿ ತಗ್ಗಿಸಬೇಕಾಗತೈತಿ, ಅದು ನಿಮಗೆಲ್ಲಾ ಗೊತ್ತಿದ್ದದ್ದ.

ಅವರು ಮೊದಲ ಹಾಕಿದ್ದ ಬರಹ ಹಿಂಗಿತ್ತು. ಬೆಂಗಳೂರಿನ ಯಾವುದೋ ಅಂಗಡಿಯದನ್ನ ನೋಡಿ ಅವರ ಮಗ ಇಳಸಿ ಕೊಟ್ಟಿದ್ದ:

"ಒರಿಜಿನಲ್ ಇಳಕಲ್ ಸೀರೆ. 1,350 + ಶಿಪ್ಪಿಂಗ್. ಸಿಒಡಿ ಅವೈಲೇಬಲ್, ಎಕ್ಸ್‌ಟ್ರಾ ಚಾರ್ಜ್. ಅಡ್ವಾನ್ಸ್ ಕಂಪಲ್ಸರಿ. ನೋ ರಿಟರ್ನ್, ನೋ ಎಕ್ಸ್‌ಚೇಂಜ್. ಸೀರಿಯಸ್ ಬಾಯರ್ಸ್ ಓನ್ಲಿ."

ಕೇಳಿದವರು ಭಾಳ, ತಗೊಂಡವರು ಕಡಿಮಿ. ಮನಿಗೆ ಬಂದ ಮ್ಯಾಲೆ ರೊಕ್ಕ ಕೊಡ್ತೀವಿ ಅಂದವರಿಗೆ ಒಂಬತ್ತು ಸೀರಿ ಕಳಸಿದ್ರು, ಅದರಾಗ ನಾಕು ತಿರುಗಿ ಬಂದ್ವು.

ನಾ ಅಲ್ಲಿಗೆ ಹೋದಾಗ ಒಂದು ಸಂಜಿ ಓಣ್ಯಾಗಿನ ಮೂರು ಮಂದಿಯನ್ನ ಕುಂದರಿಸಿಕೊಂಡು ಈ ಬರಹಾನ ಜೋರಾಗಿ ಓದಿದ್ವಿ. ಎದುರು ಮನಿ ಕಾಕು ಕೇಳಿದ್ರು, "ಸಿಒಡಿ ಅಂದ್ರ ಯಾರವ್ವಾ?" ಎಲ್ಲಾರೂ ನಕ್ಕಿವಿ, ಆದ್ರ ಕಾಕು ಕೇಳಿದ್ದು ಖರೇನ ಇತ್ತು. ನಮ್ಮ ಕಡೆ ಯಾರೂ ಸಿಒಡಿ ಅನ್ನೂದಿಲ್ಲ, "ಮನಿಗೆ ಬಂದ ಮ್ಯಾಲೆ ರೊಕ್ಕ" ಅಂತಾರ. ಹಂಗ ಅಂತ ಹೇಳಿದ ಕೂಡಲೇ ಕಾಕು, "ಹಿಂದ ಪೋಸ್ಟಿನ್ಯಾಗ ವಿ.ಪಿ. ಬರತಿತ್ತಲ್ಲ, ಅದೇನ? ಪೋಸ್ಟ್‌ಮನ್ ಕೈಯಾಗ ರೊಕ್ಕ ಇಟ್ಟು ಗಂಟು ಬಿಡಸ್ಕೊಳ್ಳೂದು?" ಅಂದ್ರು. ಹೌದು, ಅದ ಇದು.

ಇನ್ನೊಬ್ಬ ಅಕ್ಕಾರು ಕೇಳಿದ್ರು, "ಮನಿಗೆ ಬಂದ ಮ್ಯಾಲೆ ರೊಕ್ಕ ಅಂತೀರಿ, ಮುಂದ ಅಡ್ವಾನ್ಸ್ ಕಂಪಲ್ಸರಿ ಅಂತೀರಿ. ಹಂಗಾದ್ರ ಮೊದಲ ಕೊಡಬೇಕೋ, ಆಮ್ಯಾಲೆ ಕೊಡಬೇಕೋ?" ವೈನಿಯ ಮನಸ್ಸಿನ್ಯಾಗ ಅದು ಸ್ಪಷ್ಟ ಇತ್ತು. ಸಿದ್ಧ ಸೀರಿಗೆ ಮನಿ ಬಾಗಲಾಗ ರೊಕ್ಕ, ಹೊಲದು ಕೊಡೂದಕ್ಕ ಅಡ್ವಾನ್ಸ್. ಆದ್ರ ಬರಹದಾಗ ಎರಡೂ ಒಂದ ಕಡೆ ಕಲಸಿ ಬಿದ್ದಿದ್ವು. ಓದೂ ಹೆಣ್ಮಗಳಿಗೆ ಅದು, "ಇವರು ಮೊದಲ ಒಂದು ಹೇಳಿ ಆಮ್ಯಾಲೆ ಒಂದು ಕೇಳ್ತಾರ" ಅಂತ ಕಾಣತೈತಿ.

ಈ ಅಂಜಿಕಿ ಯಾರದು ಅನ್ನೂದನ್ನ ಒಂಚೂರು ನೋಡಬೇಕು. ಸಣ್ಣ ಊರಾಗ ಸೀರಿ ಆರಿಸೂದು ಹೆಣ್ಮಗಳು, ಫೋನಿನ್ಯಾಗ ರೊಕ್ಕ ಹಾಕೂದು ಬಹಳ ಸಲ ಗಂಡನೋ ಮಗನೋ. ಆಕಿ ಅಡ್ವಾನ್ಸ್ ಕೊಡಬೇಕಂದ್ರ ಮೊದಲ ಮನ್ಯಾಗ ಒಬ್ಬರಿಗೆ ಹೇಳಬೇಕು, ಅವರು "ಯಾರು ಏನು ಗೊತ್ತಿಲ್ಲ, ರೊಕ್ಕ ಹಾಕ್ತಿಯೇನು?" ಅಂತ ಕೇಳೇ ಕೇಳ್ತಾರ. ರೊಕ್ಕ ಮುಳಗಿದ್ರ ಆಕಿಗೆ ನಾಕುನೂರು ಹೋದದ್ದಕ್ಕಿಂತ, ವರ್ಷಗಟ್ಟಲೆ ಆ ಮಾತು ಕೇಳೂದ ದೊಡ್ಡದು. ಡಬ್ಬಿಯಾಗ ಕೂಡಿಟ್ಟ ರೊಕ್ಕಾನ ಬಾಗಲಾಗ ಕೊಡೂದಾದ್ರ ಯಾರನ್ನೂ ಕೇಳೂದು ಬರೂದಿಲ್ಲ. ಹಂಗಾಗಿ ನಾವು ಬರಿಯೂ ಸಾಲನ್ನ ಇಬ್ಬರು ಓದ್ತಾರ ಅಂತ ತಿಳಕೋಬೇಕು. ಒಬ್ಬಾಕಿ ಸೀರಿ ಬೇಕನ್ನಾಕಿ, ಇನ್ನೊಬ್ಬಾಂವ ಬ್ಯಾಡನ್ನಾಂವ.

ಮೊದಲ ಸೀರಿಯ ಸಾಲು ತಿದ್ದಿದ್ವಿ.

ಸೀರಿಗೆ ವೈನಿ ಕೊಟ್ಟದ್ದು 1,100. ಕೊರಿಯರ್‌ಗೆ 80, ಅವರು ರೊಕ್ಕ ವಸೂಲಿ ಮಾಡಿ ತಂದು ಕೊಡೂದಕ್ಕ 40, ಕವರ್ ಅದು ಇದು 20. ಒಟ್ಟು 1,240. ಹಂಗಾಗಿ ಎಲ್ಲಾ ಸೇರಿಸಿ 1,450 ಅಂತ ಒಂದ ಮೊತ್ತ ಬರದ್ರು. ಉಳಿಯೂದು 210. ಮೊದಲಿನ ಬರಹದಾಗ 1,350 ಕಂಡು ಹಿಗ್ಗಿದಾಕಿಗೆ ಆಮ್ಯಾಲೆ "ಶಿಪ್ಪಿಂಗ್ ಇಷ್ಟು, ಸಿಒಡಿ ಇಷ್ಟು" ಅಂತ ಕೂಡಿಸಿ ಹೇಳಿದಾಗ ಮುಖ ಸಣ್ಣದಾಗತಿತ್ತು. ಮೊದಲ ಕಡಿಮಿ ತೋರಿಸಿ ಕಡೀಕ ಒಂದೊಂದ ಖರ್ಚು ಸೇರಿಸೂದಕ್ಕ ಡ್ರಿಪ್ ಪ್ರೈಸಿಂಗ್ ಅಂತ ಹೆಸರಿಟ್ಟು, 2023ರಾಗ ಕೇಂದ್ರ ಸರಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಾಗ ಅದನ್ನ ತಪ್ಪು ಅಂತ ಹೇಳ್ಯಾರ. ಆ ಮಾತು ಬ್ಯಾರೆ ಇರಲಿ, ಬಾಗಲಾಗ ನಿಂತಾಕಿಯ ಕೈಯಾಗ 1,350 ಎಣಿಸಿಟ್ಟ ರೊಕ್ಕ ಇದ್ದು, ಕೊರಿಯರ್ ಹುಡುಗ 1,470 ಕೇಳಿದ್ರ ಪಾರ್ಸೆಲ್ ಅಲ್ಲಿಂದಲೇ ತಿರಗತೈತಿ. ತಿರುಗಿ ಬಂದ ನಾಕರಾಗ ಎರಡು ಹಿಂಗ ಬಂದಿದ್ವು.

ಒಂದು ಸೀರಿ ತಿರುಗಿ ಬಂದ್ರ ಏನಾಗತೈತಿ ಅಂತ ಲೆಕ್ಕ ಹಾಕ್ರಿ. ಹೋಗೂದಕ್ಕ 80, ಬರೂದಕ್ಕ ಅವರು 70 ತಗೊಂಡ್ರು, ಒಟ್ಟು 150. ಒಂದು ಸೀರಿ ಮಾರಿದ್ರ ಉಳಿಯೂ 210ರಾಗ ಮುಕ್ಕಾಲು ಪಾಲು ಅಲ್ಲೇ ಹೋತು. ಅದಕ್ಕಿಂತ ಕೆಟ್ಟದ್ದೇನಂದ್ರ ಆ ಸೀರಿ ಹದಿನೈದು ದಿನ ದಾರ್ಯಾಗ ಇರತೈತಿ, ಇನ್ನೊಬ್ಬರಿಗೆ ಮಾರಾಕ ಬರೂದಿಲ್ಲ. ಮಾರಿದ ಸೀರಿಯ ರೊಕ್ಕಾನೂ ಕೂಡಲೇ ಕೈಗೆ ಬರೂದಿಲ್ಲ. ಕೊರಿಯರ್‌ನವರು ವಸೂಲಿ ಮಾಡಿದ್ದನ್ನ ವೈನಿಯ ಖಾತೆಗೆ ಹಾಕಾಕ ಎಂಟು ಹತ್ತು ದಿನ ಹಿಡೀತಾರ. ಕಂತು 5ನೇ ತಾರೀಖಿಗೆ ಇದ್ರ, 28ಕ್ಕ ಕಳಿಸಿದ ಸೀರಿ ಆ ಕಂತಿಗೆ ಒದಗೂದಿಲ್ಲ.

ಹಿಂಗ ಕುಂತು ವಿಚಾರ ಮಾಡಿ ಬರೆದ ಸಾಲು ಇದು:

"ಸೀರಿ ನಿಮ್ಮ ಮನಿಗೆ ಬಂದ ಮ್ಯಾಲೆ ರೊಕ್ಕ ಕೊಡ್ರಿ. ಒಟ್ಟು 1,450 ರೂಪಾಯಿ. ಕೊರಿಯರ್ ಖರ್ಚು ಇದರಾಗ ಸೇರೈತಿ, ಬಾಗಲಾಗ ಒಂದು ರೂಪಾಯಿನೂ ಹೆಚ್ಚಿಗೆ ಕೇಳೂದಿಲ್ಲ. ಮೊದಲ ಏನೂ ಹಾಕೂದು ಬ್ಯಾಡ. ನಿಮ್ಮ ಪಿನ್‌ಕೋಡ್ ಹೇಳ್ರಿ, ನಿಮ್ಮ ಊರಿಗೆ ಈ ಸೌಲತ್ತು ಐತೋ ಇಲ್ಲೋ ನೋಡಿ ಹೇಳ್ತೀವಿ. ಕಳಿಸಿದ ದಿನದಿಂದ 4ರಿಂದ 7 ದಿನ."

ಪಿನ್‌ಕೋಡ್ ಮಾತು ಯಾಕಂದ್ರ, ಎಲ್ಲಾ ಪಿನ್‌ಕೋಡಿಗೂ ಕೊರಿಯರ್‌ನವರು ರೊಕ್ಕ ವಸೂಲಿ ಮಾಡೂದಿಲ್ಲ. ಹಳ್ಳಿ ಆದ್ರ "ಬಸ್ ಸ್ಟ್ಯಾಂಡಿಗೆ ಬರ್ರಿ" ಅಂತ ಫೋನ್ ಮಾಡ್ತಾರ. ಇದನ್ನ ಮೊದಲ ಹೇಳದ ಬರೇ "ಎಲ್ಲಾ ಊರಿಗೂ ಮನಿ ತನಕ" ಅಂತ ಬರದ್ರ, ಆಕಿ ಮನ್ಯಾಗ ಕಾಯ್ತಾಳ, ಪಾರ್ಸೆಲ್ ಮೂರು ದಿನ ಆಫೀಸಿನ್ಯಾಗ ಬಿದ್ದು ತಿರುಗಿ ಬರತೈತಿ.

ಈಗ ಎಲ್ಲಾರೂ ಹಾಕೂ ಒಂದು ಮಾತಿಗೆ ಬರೂಣು: "ನೋಡಿ ರೊಕ್ಕ ಕೊಡ್ರಿ." ಕೇಳಾಕ ಭಾಳ ಚಲೋ ಅನಸತೈತಿ. ನಮ್ಮ ನೆಗೆಣ್ಣಿನೂ ಅದನ್ನ ಹಾಕೂಣು ಅಂದ್ಲು. ಆದ್ರ ನಮ್ಮಂಥ ಸಣ್ಣ ಮಾರಾಟಗಾರರ ಪಾರ್ಸೆಲ್ಲನ್ನ ಕೊರಿಯರ್ ಹುಡುಗ ರೊಕ್ಕ ಬರೂ ಮೊದಲ ಬಿಚ್ಚಾಕ ಬಿಡೂದಿಲ್ಲ. ಆಂವ ರೊಕ್ಕ ಎಣಿಸ್ಕೊಂಡು ಗಂಟು ಕೊಡಾಂವ ಅಷ್ಟ. ಒಳಗ ಏನೈತಿ ಅಂತ ಅವನಿಗೂ ಗೊತ್ತಿಲ್ಲ. ನಾವು "ನೋಡಿ ಕೊಡ್ರಿ" ಅಂತ ಬರದಿದ್ರ, ಬಾಗಲಾಗ ಆಕಿ "ಬಿಚ್ಚಿ ತೋರ್ಸು" ಅಂತಾಳ, ಆಂವ "ಆಗೂದಿಲ್ಲ" ಅಂತಾನ, ಆಕಿಗೆ "ಇದರಾಗ ಏನೋ ಮೋಸ ಐತಿ" ಅನಸತೈತಿ. ಪಾರ್ಸೆಲ್ ವಾಪಸ್. ಧೈರ್ಯ ಕೊಡಾಕ ಬರೆದ ಮಾತೇ ಅಲ್ಲಿ ಅಂಜಿಕಿ ಹುಟ್ಟಿಸತೈತಿ.

ಅದಕ್ಕ ವೈನಿ ಇದನ್ನ ಸೇರಿಸಿದ್ರು:

"ರೊಕ್ಕ ಕೊಟ್ಟ ಮ್ಯಾಲೆ ಪಾರ್ಸೆಲ್ ಬಿಚ್ಚಬೇಕಾಗತೈತಿ, ಇದು ಕೊರಿಯರ್‌ನವರ ನಿಯಮ. ಬಿಚ್ಚುವಾಗ ಒಂದು ವಿಡಿಯೋ ತಗೀರಿ. ಹರದಿದ್ರ, ಕಲಿ ಇದ್ರ, ಬ್ಯಾರೆ ಬಣ್ಣ ಬಂದಿದ್ರ 3 ದಿನದಾಗ ತಿಳಸ್ರಿ. ವಾಪಸ್ ತರಸೂ ಖರ್ಚು ನಮ್ದು. ಬದಲಿ ಸೀರಿ ಬೇಕಾದ್ರ ಸೀರಿ, ರೊಕ್ಕ ಬೇಕಾದ್ರ ರೊಕ್ಕ. ಸೀರಿ ಚಲೋ ಐತಿ ಆದ್ರ ಮನಸ್ಸಿಗೆ ಬರಲಿಲ್ಲ ಅಂದ್ರೂ ಬದಲಿ ಕೊಡ್ತೀವಿ, ಆಗ ಕೊರಿಯರ್ ಖರ್ಚು ನಿಮ್ದು."

"ನೋ ರಿಟರ್ನ್" ಅಂತ ಹಾಕಿದ್ದಕ್ಕಿಂತ ಇದು ಉದ್ದಾತು ಖರೆ, ಆದ್ರ ಆಕಿಯ ಮನಸ್ಸಿನ್ಯಾಗ ಇದ್ದ ಪ್ರಶ್ನಿಗೆ ಉತ್ತರ ಸಿಕ್ಕಿತು. ಬಾಗಲಾಗ ರೊಕ್ಕ ಕೊಟ್ಟವರಿಗೆ ತಿರುಗಿ ರೊಕ್ಕ ಕೊಡೂದು ಹೆಂಗ ಅನ್ನೂದೂ ಹೇಳಬೇಕು, ಯಾಕಂದ್ರ ಕೊರಿಯರ್ ಹುಡುಗ ನೋಟು ತಿರುಗಿ ತರೂದಿಲ್ಲ. "ನಿಮ್ಮದೋ ಮನ್ಯಾಗಿನವರದೋ ಫೋನ್‌ಪೇ ನಂಬರ್ ಇಲ್ಲಾ ಬ್ಯಾಂಕ್ ಖಾತೆ ಹೇಳ್ರಿ, ಸೀರಿ ನಮಗ ಮುಟ್ಟಿದ ಮರುದಿನ ಹಾಕ್ತೀವಿ" ಅಂತ ಒಂದು ಸಾಲು ಸಾಕು.

ಓಟಿಪಿ ಇನ್ನೊಂದು ತೊಡಕು. ಬ್ಯಾಂಕಿನವರು, ಪೊಲೀಸರು, ಟಿವಿಯವರು ಎಲ್ಲಾರೂ ಸೇರಿ ನಮ್ಮ ಹೆಣ್ಮಕ್ಕಳಿಗೆ "ಓಟಿಪಿ ಯಾರಿಗೂ ಹೇಳಬ್ಯಾಡ್ರಿ" ಅಂತ ಕಲಿಸ್ಯಾರ, ಅದು ಬರೋಬ್ಬರಿ ಐತಿ. ಆದ್ರ ಪಾರ್ಸೆಲ್ ಕೊಡೂ ಮುಂದ ಕೆಲವು ಕೊರಿಯರ್ ಹುಡುಗರು ಓಟಿಪಿ ಕೇಳ್ತಾರ. ಆಕಿ ಅಂಜಿ ಬಾಗಲಾ ಹಾಕ್ಕೊಂಡ್ರ ತಪ್ಪು ಆಕಿದಲ್ಲ. ವೈನಿ ಸೀರಿ ಕಳಿಸಿದ ದಿನ ಈ ಸಂದೇಶ ಹಾಕ್ತಾರ: "ಪಾರ್ಸೆಲ್ ಕೊಡಾಕ ಬಂದ ಹುಡುಗ ಓಟಿಪಿ ಕೇಳಬಹುದು. ಮೆಸೇಜಿನ್ಯಾಗ ಡೆಲಿವರಿ ಓಟಿಪಿ ಅಂತ ಬರದಿದ್ರ, ಹುಡುಗ ನಿಮ್ಮ ಎದುರಿಗೆ ನಿಂತು ಪಾರ್ಸೆಲ್ ಕೊಡೂವಾಗ ಅಷ್ಟ ಹೇಳ್ರಿ. ಫೋನಿನ್ಯಾಗ ಯಾರ ಕೇಳಿದ್ರೂ ಹೇಳಬ್ಯಾಡ್ರಿ, ನಾವಂತೂ ಎಂದೂ ಕೇಳೂದಿಲ್ಲ." ಮಗನೋ ಗಂಡನೋ ಇದನ್ನ ಓದಿದ್ರ ಅವರಿಗೂ ಸಮಾಧಾನ ಆಗತೈತಿ.

ಇನ್ನ ಅಡ್ವಾನ್ಸ್. ಪರಕಾರ ಪೋಲ್ಕಾಕ್ಕ ಅಡ್ವಾನ್ಸ್ ಇಲ್ಲದ ಆಗೂದಿಲ್ಲ. ನಾಕು ವರ್ಷದ ಹುಡುಗಿಯ ಅಳತಿಗೆ ಕತ್ತರಿಸಿದ ಖಣ ತಿರುಗಿ ಬಂದ್ರ ಅಷ್ಟ ಅಳತಿಯ ಇನ್ನೊಂದು ಹುಡುಗಿ ಸಿಗೂ ತನಕ ಪೆಟ್ಟಿಗ್ಯಾಗ ಕುಂದರತೈತಿ. ಆದ್ರ ಎಷ್ಟು ಕೇಳಬೇಕು? ವೈನಿ ಮೊದಲ ಪೂರಾ 1,100 ಕೇಳ್ತಿದ್ರು. ಕೊಳ್ಳಾಕಿಗೆ ಅದು ಪೂರಾ ರೊಕ್ಕ ಬಾವ್ಯಾಗ ಹಾಕಿದಂಗ.

ನಾವು ಹಿಂಗ ವಿಚಾರ ಮಾಡಿದ್ವಿ. ಆಕಿ ಬಾಗಲಾಗ ಬ್ಯಾಡಂದ್ರ ನಮಗ ಖರೇನ ಮುಳಗೂದು ಏನು? ಹೋಗಿ ಬರೂ ಕೊರಿಯರ್ 150, ಹೊಲದ ಕೂಲಿ 250. ಒಟ್ಟು 400. ಬಟ್ಟಿ ಮುಳಗೂದಿಲ್ಲ, ಒಳಗ ಹೊಲಿಗಿ ಬಿಟ್ಟಿರೂದರಿಂದ ಒಂದೀಟು ಬಿಚ್ಚಿ ಇಲ್ಲಾ ಹಿಡದು ಇನ್ನೊಬ್ಬರಿಗೆ ಕೊಡಬಹುದು. ಹಂಗಾದ್ರ ಅಡ್ವಾನ್ಸ್ 400 ಸಾಕು, ಉಳಿದ 700 ಬಾಗಲಾಗ. ಅದಕ್ಕಿಂತ ಹೆಚ್ಚಿಗೆ ಕೇಳಿದ್ರ ಅದು ನಮ್ಮ ಅನುಕೂಲಕ್ಕ ಆಕಿಯ ರೊಕ್ಕ ಇಟ್ಟುಕೊಂಡಂಗ. ಈ ಲೆಕ್ಕ ನಮ್ಮ ಕೈಯಾಗ ಇದ್ರ "ಯಾಕ್ರಿ ಅಡ್ವಾನ್ಸ್?" ಅಂತ ಕೇಳಿದವರಿಗೆ ಹೇಳಾಕ ಬಾಯಿ ಬರತೈತಿ. ಬರೇ "ನಮ್ಮ ನಿಯಮ" ಅಂದ್ರ ಯಾರೂ ನಂಬೂದಿಲ್ಲ.

ಸಾಲು ಹಿಂಗಾತು:

"ಪರಕಾರ ಪೋಲ್ಕಾ ನಿಮ್ಮ ಮಗಳ ಅಳತಿಗೆ ಕತ್ತರಿಸಿ ಹೊಲಿತೀವಿ, ಅದಕ್ಕ 400 ರೂಪಾಯಿ ಮೊದಲ ಹಾಕಬೇಕು. ಉಳಿದ 700 ಮನಿಗೆ ಬಂದ ಮ್ಯಾಲೆ. ಒಟ್ಟು 1,100, ಇದರ ಮ್ಯಾಲೆ ಏನೂ ಇಲ್ಲ. ಬಟ್ಟಿ ಕತ್ತರಿಸೂ ಮೊದಲ ನಿಮಗ ಖಣದ ಫೋಟೋ ಮತ್ತ ಅಳತಿ ಕಳಿಸಿ ಕೇಳ್ತೀವಿ. ಅಲ್ಲಿ ತನಕ ಬ್ಯಾಡಂದ್ರ 400 ಪೂರಾ ವಾಪಸ್. ಕತ್ತರಿಸಿದ ಮ್ಯಾಲೆ ವಾಪಸ್ ಕೊಡಾಕ ಬರೂದಿಲ್ಲ. 12 ದಿನದಾಗ ನಾವು ಕಳಿಸಲಿಲ್ಲ ಅಂದ್ರ, ನೀವು ಬ್ಯಾಡಂದ ಕೂಡಲೇ 400 ಪೂರಾ ವಾಪಸ್."

ಇದರಾಗ ಕಡೀ ಸಾಲು ಬಾಳ ಕೆಲಸ ಮಾಡತೈತಿ. ರೊಕ್ಕ ಯಾವಾಗ ತಿರುಗಿ ಬರತೈತಿ ಅನ್ನೂದರ ಜೋಡಿ ಯಾವಾಗ ಬರೂದಿಲ್ಲ ಅನ್ನೂದನ್ನೂ ಬಾಯಿ ಬಿಟ್ಟು ಹೇಳಿದ್ರ ಮಂದಿ ನಂಬ್ತಾರ. ಬರೇ ಸಿಹಿ ಮಾತು ಇದ್ದಲ್ಲಿ ನಮ್ಮ ಮಂದಿ ಮೂಗು ಮುರೀತಾರ.

ಇನ್ನೊಂದು ಸಣ್ಣ ವಿಷಯಕ್ಕ ಎಷ್ಟೋ ಅಡ್ವಾನ್ಸ್ ಅರ್ಧಕ್ಕ ನಿಂತಿದ್ವು. ವೈನಿಯ ಗ್ರೂಪಿನ ಹೆಸರು ಒಂದು, ನಾವೆಲ್ಲಾ ಕರಿಯೂ ಹೆಸರು ಇನ್ನೊಂದು, ಬ್ಯಾಂಕ್ ಖಾತ್ಯಾಗ ಆಧಾರದ ಪ್ರಕಾರ ಇರೂದು ಮೂರನೇದು. ಕೊಳ್ಳಾಕಿ ಫೋನಿನ್ಯಾಗ ನಂಬರ್ ಒತ್ತಿದ ಕೂಡಲೇ ಆ ಮೂರನೇ ಹೆಸರು ಮ್ಯಾಲೆ ಬರತೈತಿ. "ಇದು ಯಾರು?" ಅಂತ ಅಲ್ಲೇ ಬೆರಳು ನಿಂದರತೈತಿ. ಹಂಗಾಗಿ ಈಗ ಬರಹದಾಗ, "ರೊಕ್ಕ ಹಾಕೂವಾಗ ಈ ಹೆಸರು ಕಾಣತೈತಿ, ಅದು ನನ್ನ ಬ್ಯಾಂಕಿನ ಹೆಸರು. ಬ್ಯಾರೆ ಹೆಸರು ಬಂದ್ರ ಹಾಕಬ್ಯಾಡ್ರಿ, ನನಗ ಫೋನ್ ಮಾಡ್ರಿ" ಅಂತ ಪೂರಾ ಹೆಸರು ಬರದಾರ. ಇದರಿಂದ ವೈನಿಗೂ ರಕ್ಷಣೆ ಐತಿ. ಅವರ ಫೋಟೋ ಕದ್ದು ಬ್ಯಾರೆ ಯಾರರೆ ರೊಕ್ಕ ಕೇಳಿದ್ರ ಹೆಸರು ತಾಳಿ ಆಗೂದಿಲ್ಲ.

ರೊಕ್ಕ ವಾಪಸ್ ಹಾಕೂ ಹೊತ್ತಿಗೂ ಒಂದು ಮಾತು ಬರದಿರಬೇಕು. ಯುಪಿಐ ಪಿನ್ ಒತ್ತೂದು ರೊಕ್ಕ ಕೊಡಾಕ, ತಗೊಳ್ಳಾಕ ಅಲ್ಲ. "ರಿಫಂಡ್ ಹಾಕ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ರಿ" ಅಂತ ಹೇಳಿ ಖಾತೆ ಬಳಿಯೂ ಕಳ್ಳರು ಅದಾರ. ಅದಕ್ಕ ವೈನಿಯ ಸಾಲು: "ವಾಪಸ್ ಹಾಕುವಾಗ ನಾವು ಯಾವ ಲಿಂಕೂ, ಕ್ಯೂಆರೂ ಕಳಸೂದಿಲ್ಲ. ನೀವು ಪಿನ್ ಒತ್ತೂದು ಬರೂದಿಲ್ಲ. ರೊಕ್ಕ ತಾನ ಬಂದು ಬೀಳತೈತಿ." ಇಂಥಾ ಮೋಸಕ್ಕ ಯಾರರೆ ಸಿಕ್ಕಿದ್ರ ತಡಾ ಮಾಡದ 1930ಕ್ಕ ಫೋನ್ ಮಾಡಬೇಕು, ಅದು ಸೈಬರ್ ಮೋಸದ ಸಹಾಯವಾಣಿ.

ಈ ಬರಹ ಹಾಕಿದ ಮ್ಯಾಲೆ ಸಿಂಧನೂರು ಕಡೆಯ ಒಬ್ಬ ಅಕ್ಕಾರು ಕೇಳಿದ ರೀತಿ ಹೇಳ್ತೀನಿ. ಮಗಳ ಹುಟ್ಟುಹಬ್ಬಕ್ಕ ಪರಕಾರ ಪೋಲ್ಕಾ ಬೇಕಾಗಿತ್ತು, ಇಪ್ಪತ್ತು ದಿನ ಉಳದಿತ್ತು. ಮೊದಲ ಕೇಳಿದ್ದು, "ನೂರು ರೂಪಾಯಿ ಹಾಕಿದ್ರ ನಡಿಯೂದಿಲ್ಲೇನ್ರಿ?" ವೈನಿ ಅಂದ್ರು, "ಅಕ್ಕಾರ, ಹೊಲದ ಕೂಲಿ ಮತ್ತ ಕೊರಿಯರ್ ಸೇರಿ 400. ಅಷ್ಟ ಕೇಳಾಕತ್ತೀನಿ, ಬಟ್ಟಿ ರೊಕ್ಕ ಕೇಳಿಲ್ಲ. ಬಟ್ಟಿದು ನೀವು ಕೈಯಾಗ ಹಿಡದ ಮ್ಯಾಲೆ ಕೊಡ್ರಿ." ಆ ಅಕ್ಕಾರು ಸುಮ್ಮನಾದ್ರು. ಮರುದಿನ ಅವರ ಯಜಮಾನ್ರು ಫೋನ್ ಮಾಡಿದ್ರು. "12 ದಿನದಾಗ ಬರಲಿಲ್ಲ ಅಂದ್ರ ವಾಪಸ್ ಅಂತ ಬರದೀರಲ್ಲ, ಅದು ಖರೆ ಏನ್ರಿ?" ವೈನಿ, "ಬರದಿದ್ದು ಇಟ್ಕೋರಿ, ನನ್ನ ನಂಬರಿನಿಂದ ಬಂದೈತಿ" ಅಂದ್ರು. ಅವರು 400 ಹಾಕಿದ್ರು. ಹೆಸರು ಬರದಂಗ ಬಂತು ಅಂತನೂ ಹೇಳಿದ್ರು.

ರೊಕ್ಕ ಬಂದ ಕೂಡಲೇ ವೈನಿ ಒಂದು ಚೀಟಿ ಬರದು ಫೋಟೋ ತಗದು ಕಳಿಸಿದ್ರು. ಬಂದದ್ದು 400, ತಾರೀಖು, ಉಳಿದದ್ದು 700, ಖಣದ ಬಣ್ಣ ಮಾವಿನಹಣ್ಣಿಂದು, ಅಳತಿ ಇಷ್ಟಿಷ್ಟು, ಕಳಿಸೂ ಕಡೀ ದಿನ. ಮೂರನೇ ದಿನ ಖಣದ ಫೋಟೋ ಹಾಕಿ, "ಕತ್ತರಿಸಲೇನ್ರಿ?" ಅಂತ ಕೇಳಿದ್ರು. ಅವರು "ಹೂಂ" ಅಂದ ಮ್ಯಾಲೆ ಕತ್ತರಿ ಹಿಡದ್ರು. ಒಂಬತ್ತನೇ ದಿನ ಪಾರ್ಸೆಲ್ ಹೋತು. ಕೊರಿಯರ್ ಚೀಟಿಯ ಮ್ಯಾಲೆ ವಸೂಲಿ ಮೊತ್ತ 700 ಅಂತನ ಐತಿ ಅನ್ನೂದು ನೋಡ್ಕೊಂಡು, ಅದರ ಫೋಟೋನೂ ಕಳಿಸಿದ್ರು. ಇಲ್ಲಿ ಒಂದೀಟು ಎಚ್ಚರ ಬೇಕು. ಅಂಗಡಿ ಹುಡುಗ ಗಡಬಡಿಯಾಗ ಪೂರಾ 1,100 ಬರದುಬಿಟ್ರ, ನಾವು ಎಷ್ಟ ಚಂದ ಬರದಿದ್ರೂ ಬಾಗಲಾಗ ನಾವು ಸುಳ್ಳರ ಆಗ್ತೀವಿ. ಪಾರ್ಸೆಲ್ ಹದಿನಾಕನೇ ದಿನ ಮುಟ್ಟಿತು, ಹುಟ್ಟುಹಬ್ಬಕ್ಕ ಇನ್ನೂ ಆರು ದಿನ ಇತ್ತು. "ಕಳಸೂದು 12 ದಿನದಾಗ, ಮುಟ್ಟೂದು ಅದರ ಮ್ಯಾಲೆ 4ರಿಂದ 7 ದಿನ" ಅಂತ ಬಿಡಿಸಿ ಹೇಳಿದ್ದರಿಂದ ನಡುವ "ಎಲ್ಲಿಗೆ ಬಂತ್ರಿ?" ಅನ್ನೂ ಫೋನು ಒಂದ ಬಂತು.

ತಗದು ಹಾಕಿದ ಮಾತು ಮೂರು. "ಸೀರಿಯಸ್ ಬಾಯರ್ಸ್ ಓನ್ಲಿ" ಅನ್ನೂದು ಕೇಳೂ ಮೊದಲ ಬೈದಂಗ. ನಮ್ಮ ಕಡೆ ಅಂಗಡಿಗೆ ಹೋದ್ರ ಹತ್ತು ಸೀರಿ ಬಿಚ್ಚಿಸಿ ಒಂದೂ ತಗೊಳ್ಳದ ಬಂದ್ರೂ ಚಹಾ ಕುಡಿಸಿ ಕಳಸ್ತಾರ. "100 ಪರ್ಸೆಂಟ್ ಟ್ರಸ್ಟೆಡ್" ಅನ್ನೂದು ಯಾರೂ ನಂಬೂದಿಲ್ಲ, ಮೋಸ ಮಾಡಾವರೂ ಅದನ್ನ ಬರೀತಾರ. "ಇನ್ನ ಎರಡ ಉಳದಾವ, ಬೇಗ ಬೇಗ" ಅನ್ನೂದು ಹತ್ತು ಸೀರಿ ಪೆಟ್ಟಿಗ್ಯಾಗ ಇದ್ದಾಗ ಸುಳ್ಳು. ಮ್ಯಾಲೆ ಹೇಳಿದ ಮಾರ್ಗಸೂಚಿಯಾಗ ಸುಳ್ಳು ಅವಸರಾನೂ ತಪ್ಪು ಅಂತನ ಐತಿ. ಖರೇನ ಎರಡ ಉಳದಿದ್ರ ಬರೀರಿ, ಖಾಲಿ ಆದ ದಿನ "ಮುಗದಾವ" ಅಂತನೂ ಬರೀರಿ.

ಮಾತಿನಿಂದ ಆಗದ್ದೂ ಐತಿ. ಎಷ್ಟ ಸ್ಪಷ್ಟ ಬರದ್ರೂ ಮನಿಗೆ ಬಂದ ಮ್ಯಾಲೆ ರೊಕ್ಕ ಅಂದಾಗ ಕೆಲವು ಮಂದಿ ಆಸೆಗೆ ತರಸಿ, ಬರೂ ಹೊತ್ತಿಗೆ ಕೈಯಾಗ ರೊಕ್ಕ ಇಲ್ಲದ ತಿರುಗಿ ಕಳಸ್ತಾರ. ಅದು ಅಂಜಿಕಿ ಅಲ್ಲ, ಕೈ ಗಿಡ್ಡ ಇದ್ದದ್ದು. ಅದಕ್ಕ ವೈನಿ ಕಳಿಸೂ ಹಿಂದಿನ ದಿನ ಒಂದು ಸಂದೇಶ ಹಾಕ್ತಾರ: "ನಾಳೆ ಸೀರಿ ಹೊಂಡತೈತಿ. 4ರಿಂದ 7 ದಿನದಾಗ 1,450 ರೂಪಾಯಿ ಕೈಯಾಗ ಇರ್ಲಿ, ಗುರುತಿಲ್ಲದ ನಂಬರಿನಿಂದ ಕೊರಿಯರ್‌ನವರು ಫೋನ್ ಮಾಡಿದ್ರ ಎತ್ತರಿ. ಈಗ ಅನುಕೂಲ ಇಲ್ಲಂದ್ರ ಹೇಳ್ರಿ, ಮುಂದಿನ ವಾರ ಕಳಸ್ತೀವಿ." ಉತ್ತರ ಬರಲಿಲ್ಲಂದ್ರ ಸೀರಿ ಹೊಂಡೂದಿಲ್ಲ. "ಮುಂದಿನ ವಾರ ಕಳಸ್ತೀವಿ" ಅನ್ನೂ ಮಾತಿನಿಂದ ಮುಖಾ ಉಳೀತೈತಿ, ಒಗೆದು ಹೇಳಿದಂಗ ಆಗೂದಿಲ್ಲ. ಪಗಾರ ಆಗಲಿ, ಶೇಂಗಾ ಮಾರಿದ ರೊಕ್ಕ ಬರಲಿ ಅಂತ ಖರೇ ಹೇಳಿ ಆಮ್ಯಾಲೆ ತರಸ್ಕೊಂಡವರು ಅದಾರ.

ಒಮ್ಮೆ ಕಾರಣ ಹೇಳದ ತಿರುಗಿ ಕಳಿಸಿದವರು ಮತ್ತ ಕೇಳಿದ್ರ, ವೈನಿ ಜಗಳಾ ಮಾಡೂದಿಲ್ಲ. "ಹೋದ ಸಲ ಹೋಗಿ ಬರೂ ಖರ್ಚು 150 ಆಗಿತ್ರಿ, ಈ ಸಲ ಅಷ್ಟು ಮೊದಲ ಹಾಕ್ರಿ, ಉಳಿದ 1,300 ಬಾಗಲಾಗ ಕೊಡ್ರಿ" ಅಂತಾರ. ಹಾಕಿದ್ರ ಕಳಸ್ತಾರ, ಹಾಕಲಿಲ್ಲಂದ್ರ ಬಿಡ್ತಾರ.

ಈ ಹೊಸಾ ಬರಹ ಹಾಕಿದ ಮ್ಯಾಲೆ ಬಾಗಲಾಗ ರೊಕ್ಕ ಅಂತ ಹೋದ ಹನ್ನೊಂದು ಸೀರ್ಯಾಗ ಒಂದು ತಿರುಗಿ ಬಂತು, ಅವರ ಮನ್ಯಾಗ ಸಾವಾಗಿತ್ತು. ಅದರ 150 ರೂಪಾಯಿ ವೈನಿಯ ವಹಿಯಾಗ ಖರ್ಚಿನ ಕಡೆ ಬರದೈತಿ, ಅದನ್ನ ಆ ಮನಿಯವರಿಗೆ ಕೇಳಿಲ್ಲ.